ಎಸ್‌ಡಿಆರ್ ವಿಡಿಯೊವನ್ನು ಎಚ್‌ಡಿಆರ್ ಮಾಡಿದರೆ ಗುಣಮಟ್ಟ ಯಾಕೆ ಹೆಚ್ಚುವುದಿಲ್ಲ

ಪ್ರಶ್ನೆ: ನನ್ನ ಹತ್ತಿರ ಕೆಲವು ಹಳೆಯ ಸಂದರ್ಶನದ ವಿಡಿಯೊಗಳಿವೆ. 8 ಬಿಟ್, ಎಸ್‌ಡಿಆರ್, ಅಂದರೆ ಮಾಮೂಲಿ ಬೆಳಕಿನ ವ್ಯಾಪ್ತಿಯವು. ಬಿಳಿ ಅಂಗಿ ಹಾಕಿದವರೊಬ್ಬರು ಕಿಟಕಿ ಪಕ್ಕ ಕೂತು ಮಾತಾಡುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇನ್ವರ್ಸ್ ಟೋನ್ ಮ್ಯಾಪಿಂಗ್ ಆನ್ ಮಾಡಿ 1000 ನಿಟ್ಸ್ ಎಚ್‌ಡಿಆರ್ ಮಾಡಿದೆ. ಮೊದಲ ನೋಟಕ್ಕೆ ಭರ್ಜರಿಯಾಗಿತ್ತು. ಆಮೇಲೆ ನೋಡಿದರೆ ಕಿಟಕಿ ಬರೀ ಬಿಳಿ, ಕಣ್ಣಿಗೆ ಚುಚ್ಚುತ್ತೆ, ಅಂಗಿ ಟ್ಯೂಬ್‌ಲೈಟ್ ಥರ ಹೊಳೆಯುತ್ತೆ, ಗೋಡೆ ಮೇಲೆ ಪಟ್ಟೆ ಪಟ್ಟೆ. ಯಾವ ಸೆಟ್ಟಿಂಗ್ ತಪ್ಪಾಗಿದೆ? ಸರಿಯಾಗಿ ಮಾಡಿದರೆ ಗುಣಮಟ್ಟ ಹೆಚ್ಚುತ್ತಾ?

ಉತ್ತರ: ನಿಮ್ಮ ಸೆಟ್ಟಿಂಗ್ ತಪ್ಪಿಲ್ಲ. ನೀವು ಹೇಳಿದ ಮೂರು ತೊಂದರೆಗಳೂ ಆ ವಿಧಾನದಿಂದಲೇ ಬರುವಂಥವು. ಇವುಗಳನ್ನು ಕಡಿಮೆ ಮಾಡಬಹುದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಗುಣಮಟ್ಟ ಹೆಚ್ಚುತ್ತಾ ಎಂಬುದಕ್ಕೆ ಉತ್ತರ ಸಾಮಾನ್ಯವಾಗಿ "ಇಲ್ಲ". ಯಾಕೆ ಇಲ್ಲ ಅನ್ನುವುದನ್ನು ನಿಮ್ಮ ಕಿಟಕಿಯನ್ನೇ ಇಟ್ಟುಕೊಂಡು ನೋಡೋಣ.

ಆ ದಿನ ಕ್ಯಾಮೆರಾ ಮುಂದೆ ಎಷ್ಟು ಬೆಳಕಿತ್ತು ಅಂತ ಅಂದಾಜು ಮಾಡಿ. ಸಾಧಾರಣ ಬೆಳಕಿರುವ ಕೋಣೆಯಲ್ಲಿ ಬಿಳಿ ಅಂಗಿಯ ಹೊಳಪು ಸುಮಾರು 100 ನಿಟ್ಸ್ ಇರುತ್ತದೆ. ಹೊರಗೆ ಬಿಸಿಲಿದ್ದರೆ ಎಲೆಗಳ ಮೇಲೆ ಸುಮಾರು 3000 ನಿಟ್ಸ್, ನೀಲಿ ಆಕಾಶದಲ್ಲಿ ಸುಮಾರು 5000, ಬಿಸಿಲು ಬಿದ್ದ ಬಿಳಿ ಮೋಡದಲ್ಲಿ 10,000ಕ್ಕೂ ಜಾಸ್ತಿ. ಕ್ಯಾಮೆರಾದವರು ಮುಖಕ್ಕೆ ಎಕ್ಸ್‌ಪೋಶರ್ ಇಟ್ಟಿರುತ್ತಾರೆ. ಸಂದರ್ಶನ ಅಂದಮೇಲೆ ಅದೇ ಸರಿ. ಹಾಗೆ ಇಟ್ಟಾಗ ಅಂಗಿಯೇ ಎಸ್‌ಡಿಆರ್‌ನ ಮೇಲಿನ ಗಡಿಯ ಹತ್ತಿರ ಬಂದುಬಿಡುತ್ತದೆ. ಅದಕ್ಕಿಂತ 30 ಪಟ್ಟು, 50 ಪಟ್ಟು, 100 ಪಟ್ಟು ಹೆಚ್ಚಿರುವ ಎಲೆ, ಆಕಾಶ, ಮೋಡಕ್ಕೆ ಜಾಗವೇ ಉಳಿದಿಲ್ಲ.

ಟಿವಿ ಮಟ್ಟದ 8 ಬಿಟ್ ವಿಡಿಯೊದಲ್ಲಿ ಕಪ್ಪಿಗೆ 16, ಬಿಳಿಗೆ 235 ಎಂಬ ಅಂಕಿ. ನಿಮ್ಮ ಕಿಟಕಿಯಲ್ಲಿ ಎಲೆ 235, ಆಕಾಶ 235, ಮೋಡವೂ 235. ಮೂರು ಬೇರೆ ಬೇರೆ ಬೆಳಕು ಒಂದೇ ಅಂಕಿಯಾಗಿ ಫೈಲಿನಲ್ಲಿ ಕೂತಿವೆ. ಈಗ ಆ 235ನ್ನು ಓದುವ ಸಾಫ್ಟ್‌ವೇರ್‌ಗೆ ಅದು ಎಲೆಯೋ ಮೋಡವೋ ಗೊತ್ತಾಗುವ ದಾರಿಯೇ ಇಲ್ಲ. ಅದು 235ನ್ನು 1000 ನಿಟ್ಸ್‌ಗೆ ಏರಿಸಬಹುದು, 400ಕ್ಕೆ ಏರಿಸಬಹುದು. ಏನೇ ಮಾಡಿದರೂ ಮೂರೂ ಒಟ್ಟಿಗೆ ಏರುತ್ತವೆ. ಅದಕ್ಕೇ ನಿಮಗೆ ಕಿಟಕಿಯಾಚೆ ಏನೂ ಕಾಣದೆ ಬಿಳಿ ಚೌಕವೊಂದು ಉರಿಯುತ್ತಿರುವಂತೆ ಕಂಡಿದ್ದು.

ನಿಜವಾದ ಎಚ್‌ಡಿಆರ್ ಚಿತ್ರೀಕರಣದಲ್ಲಿ ಇದೇ ಕಿಟಕಿ ಹೇಗಿರುತ್ತಿತ್ತು? ಗ್ರೇಡಿಂಗ್ ಮಾಡುವವರು ಎಲೆಯನ್ನು 300ರ ಆಸುಪಾಸಿನಲ್ಲಿ, ಆಕಾಶವನ್ನು ಸ್ವಲ್ಪ ಮೇಲೆ, ಮೋಡದ ಅಂಚನ್ನು ಮಾತ್ರ 800–900ಕ್ಕೆ ಇಡುತ್ತಿದ್ದರು. ಕಿಟಕಿ ಪ್ರಕಾಶಮಾನವಾಗಿ ಕಂಡರೂ ಚುಚ್ಚುತ್ತಿರಲಿಲ್ಲ, ಯಾಕೆಂದರೆ ಕಣ್ಣಿಗೆ ನೋಡಲು ಅಲ್ಲಿ ಏನೋ ಇರುತ್ತಿತ್ತು. ಎಚ್‌ಡಿಆರ್‌ನ ಬೆಲೆ ಇರುವುದು ಇಲ್ಲೇ: ಬಿಳಿಗಿಂತ ಮೇಲಿನ ಬೆಳಕಿನಲ್ಲೂ ವಿವರ ಉಳಿಯುತ್ತದೆ. ಬರೀ ಹೊಳಪು ಬೇಕೆಂದರೆ ಟಿವಿಯ ಬ್ರೈಟ್‌ನೆಸ್ ಏರಿಸಿದರೆ ಸಾಕಾಗುತ್ತಿತ್ತು.

ಇನ್ನು ಅಂಗಿಯ ವಿಷಯ. ಇನ್ವರ್ಸ್ ಟೋನ್ ಮ್ಯಾಪಿಂಗ್ ಮಾಡುವುದು ಮೂಲತಃ ಒಂದೇ ಕೆಲಸ. ಒಂದು ಮಟ್ಟದವರೆಗಿನ ಬೆಳಕನ್ನು ಹೆಚ್ಚೂಕಡಿಮೆ ಹಾಗೇ ಬಿಟ್ಟು, ಅದಕ್ಕಿಂತ ಮೇಲಿರುವುದನ್ನು ಎಳೆದು ಉದ್ದ ಮಾಡುತ್ತದೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳ ಕರ್ವ್ ಬೇರೆ ಬೇರೆ ಇರುತ್ತದೆ. ಲೆಕ್ಕಕ್ಕಾಗಿ ಒಂದು ಸರಳ ಕರ್ವ್ ಹಿಡಿಯೋಣ. ಎಸ್‌ಡಿಆರ್ ಬಿಳಿ 100 ನಿಟ್ಸ್, ಅಂಕಿಯಿಂದ ಬೆಳಕು ಲೆಕ್ಕ ಹಾಕುವ ಗಾಮಾ 2.4 ಎಂದುಕೊಂಡರೆ 196 ಎಂಬ ಅಂಕಿಗೆ ಸುಮಾರು 62 ನಿಟ್ಸ್ ಬರುತ್ತದೆ. ಅಲ್ಲಿಂದ ಕೆಳಗೆ ಏನೂ ಮುಟ್ಟುವುದಿಲ್ಲ. 196ರಿಂದ 235ರವರೆಗಿನ ಭಾಗವನ್ನು ಮಾತ್ರ, ಪ್ರತಿ ಮೆಟ್ಟಿಲಿಗೂ ಒಂದೇ ಅನುಪಾತದಲ್ಲಿ, 62ರಿಂದ 1000 ನಿಟ್ಸ್‌ವರೆಗೆ ಎಳೆಯುತ್ತೇವೆ.

ಈಗ ನಿಮ್ಮ ದೃಶ್ಯದಲ್ಲಿ ಏನಾಗುತ್ತದೆ ನೋಡಿ. ಹಣೆಯ ಮೇಲಿನ ಸಣ್ಣ ಹೊಳಪು 205 ಇತ್ತು ಅಂದುಕೊಳ್ಳಿ, ಅಂದರೆ 70 ನಿಟ್ಸ್. ಅದು ಸುಮಾರು 118 ಆಗುತ್ತದೆ. ಅಡ್ಡಿಯಿಲ್ಲ. ಅಂಗಿ 228ರಲ್ಲಿತ್ತು, ಸುಮಾರು 92 ನಿಟ್ಸ್. ಅದು 600 ದಾಟುತ್ತದೆ! ಕಿಟಕಿ 1000. ಮೂಲದಲ್ಲಿ ಅಂಗಿಗೂ ಹಣೆಯ ಹೊಳಪಿಗೂ ಇದ್ದ ಅಂತರ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಈಗ ಐದು ಪಟ್ಟು. ಅಂಗಿ ಬಟ್ಟೆಯ ಹಾಗೆ ಕಾಣದೆ ದೀಪದ ಹಾಗೆ ಕಾಣುವುದು ಇದರಿಂದ.

ಹೋಲಿಸಿ ನೋಡಲು ಒಂದು ಆಧಾರ ಬೇಕಲ್ವಾ? ಐಟಿಯು ಸಂಸ್ಥೆಯ ಬಿಟಿ.2408 ವರದಿ ಎಚ್‌ಡಿಆರ್‌ನಲ್ಲಿ ಸಾಮಾನ್ಯ ಬಿಳಿ ವಸ್ತುವಿನ ಮಟ್ಟವನ್ನು 203 ನಿಟ್ಸ್ ಎಂದು ಇಟ್ಟಿದೆ. ಕಾಗದ, ಬಿಳಿ ಬಟ್ಟೆ, ಪರದೆಯ ಮೇಲಿನ ಅಕ್ಷರಗಳೆಲ್ಲ ಅಲ್ಲಿ ಅಥವಾ ಅದಕ್ಕಿಂತ ಕೆಳಗೆ. ಅದರ ಮೇಲಿನ ಜಾಗವೆಲ್ಲ ದೀಪ, ಲೋಹದ ಮಿಂಚು, ಆಕಾಶ, ಬೆಂಕಿಯಂಥದ್ದಕ್ಕೆ. ಅಂದರೆ ಎಚ್‌ಡಿಆರ್‌ನಲ್ಲಿ "ಬಿಳಿ ವಸ್ತು" ಮತ್ತು "ಬೆಳಕಿನ ಮೂಲ" ಬೇರೆ ಬೇರೆ ಜಾಗದಲ್ಲಿ ಇರುತ್ತವೆ. ಎಸ್‌ಡಿಆರ್‌ನಲ್ಲಿ ಎರಡೂ ಒಂದೇ ಕಡೆ ಒತ್ತಿಕೊಂಡು ಕೂತಿರುತ್ತವೆ. ಅಂಕಿ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಅದಕ್ಕೆ ದೃಶ್ಯ ಅರ್ಥವಾಗಬೇಕು, "ಇದು ಅಂಗಿ, ಇದು ಬಲ್ಬು" ಅಂತ ಗೊತ್ತಾಗಬೇಕು. ಸಾಫ್ಟ್‌ವೇರ್‌ಗಳು ಇದನ್ನು ಊಹೆ ಮಾಡುತ್ತವೆ: ಸಣ್ಣದಾಗಿದ್ದು ಸುತ್ತ ಕತ್ತಲಿದ್ದರೆ ದೀಪ, ದೊಡ್ಡದಾಗಿದ್ದರೆ ಬಿಳಿ ವಸ್ತು, ಹೀಗೆ. ಕೆಲವು ಶಾಟ್‌ಗಳಲ್ಲಿ ಆ ಊಹೆ ಸರಿ ಹೋಗುತ್ತದೆ. ಬಿಳಿ ಅಂಗಿ ಮತ್ತು ದೊಡ್ಡ ಕಿಟಕಿ ಒಂದೇ ಫ್ರೇಮಿನಲ್ಲಿದ್ದರೆ ಕೈಕೊಡುತ್ತದೆ.

ಆ ಊಹೆ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದು ಇನ್ನೊಂದು ಕಿರಿಕಿರಿ. ಯಾರಾದರೂ ಕಿಟಕಿ ಮುಂದೆ ಹಾದುಹೋದರೆ ಫ್ರೇಮಿನ ಸರಾಸರಿ ಬೆಳಕು ಇಳಿಯುತ್ತದೆ. ಸಾಫ್ಟ್‌ವೇರ್ ಕರ್ವ್ ಬದಲಿಸುತ್ತದೆ. ಕೂತವರ ಮುಖ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತದೆ. ನಿಮ್ಮ ವಿಡಿಯೊದಲ್ಲಿ ಇಂಥ ಜಾಗವಿದ್ದರೆ ಹುಡುಕಿ ನೋಡಿ, ಬಹುಶಃ ಸಿಗುತ್ತದೆ.

ಗೋಡೆಯ ಪಟ್ಟೆಗಳಿಗೆ ಬರೋಣ. ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಭಾಗ, ಯಾಕೆಂದರೆ ಕಿಟಕಿ, ಅಂಗಿ ಎರಡೂ ಇಲ್ಲದ ಶಾಟ್‌ನಲ್ಲೂ ಈ ತೊಂದರೆ ಬರುತ್ತದೆ.

ಮೇಲಿನ ಲೆಕ್ಕದಲ್ಲಿ 196ರಿಂದ 235ಕ್ಕೆ 39 ಮೆಟ್ಟಿಲುಗಳಿವೆ. ಮೂಲ ಎಸ್‌ಡಿಆರ್‌ನಲ್ಲಿ ಆ ಭಾಗದ ಒಂದೊಂದು ಮೆಟ್ಟಿಲಿಗೆ ಬೆಳಕು ಶೇಕಡಾ 1.1ರಿಂದ 1.3ರಷ್ಟು ಮಾತ್ರ ಏರುತ್ತದೆ. ಅಷ್ಟು ಸಣ್ಣ ಏರಿಕೆ ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಕ್ಯಾಮೆರಾದ ನಾಯ್ಸ್ ಅದನ್ನು ಇನ್ನಷ್ಟು ಮರೆಮಾಡುತ್ತದೆ. ಈಗ ಅದೇ 39 ಮೆಟ್ಟಿಲಲ್ಲಿ 62ರಿಂದ 1000ಕ್ಕೆ, ಅಂದರೆ 16 ಪಟ್ಟು ಏರಬೇಕು. ಒಂದೊಂದು ಮೆಟ್ಟಿಲಿಗೆ ಸುಮಾರು ಶೇಕಡಾ 7. ಕಿಟಕಿಯ ಬೆಳಕು ಗೋಡೆಯ ಮೇಲೆ ನಿಧಾನವಾಗಿ ಮಸುಕಾಗುತ್ತಾ ಹೋಗುವ ಜಾಗದಲ್ಲಿ ಇಷ್ಟು ದೊಡ್ಡ ಜಿಗಿತ ಗೆರೆಯಾಗಿ ಎದ್ದು ಕಾಣುತ್ತದೆ. ನೀವು ನೋಡಿದ ಪಟ್ಟೆ ಅದೇ.

10 ಬಿಟ್‌ನಲ್ಲಿ ಪಿಕ್ಯೂ ಎಂಬ ಕರ್ವ್ ಬಳಸಿ ನೇರವಾಗಿ ಮಾಡಿದ ಎಚ್‌ಡಿಆರ್‌ನಲ್ಲಿ ಅದೇ 62ರಿಂದ 1000 ನಿಟ್ಸ್ ನಡುವೆ ಸುಮಾರು 250 ಮೆಟ್ಟಿಲು ಸಿಗುತ್ತವೆ. ಒಂದೊಂದಕ್ಕೆ ಮತ್ತೆ ಶೇಕಡಾ 1.1ರಷ್ಟೇ. ಪಿಕ್ಯೂ ಕರ್ವ್ ರೂಪಿಸಿದ್ದೇ ಕಣ್ಣು ಗುರುತಿಸುವ ಸಣ್ಣ ವ್ಯತ್ಯಾಸದ ಆಸುಪಾಸಿನಲ್ಲಿ ಪ್ರತಿ ಮೆಟ್ಟಿಲು ಇರಲಿ ಎಂದು. ನಿಮ್ಮ ಪರಿವರ್ತಿತ ಫೈಲ್ ಕೂಡ 10 ಬಿಟ್ ಇರಬಹುದು. ಆದರೆ ಆ 250 ಜಾಗಗಳಲ್ಲಿ 40 ಮಾತ್ರ ಬಳಕೆಯಾಗಿ ಉಳಿದವು ಖಾಲಿ ಬಿದ್ದಿರುತ್ತವೆ. ಡಬ್ಬ ದೊಡ್ಡದಾಯಿತು, ಒಳಗಿನ ಸಾಮಾನು ಅಷ್ಟೇ.

ಆ ಖಾಲಿ ಜಾಗ ತುಂಬಲು ಡಿಬ್ಯಾಂಡಿಂಗ್ ಫಿಲ್ಟರ್‌ಗಳಿವೆ. ನಯವಾಗಿ ಕಾಣುವ ಜಾಗ ಹುಡುಕಿ, ಮೆಟ್ಟಿಲುಗಳ ನಡುವೆ ಸರಾಸರಿ ತೆಗೆದು, ಸ್ವಲ್ಪ ನಾಯ್ಸ್ ಸೇರಿಸುತ್ತವೆ. ಗೋಡೆಗೆ ಇದು ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಅಂಗಿಯ ನೇಯ್ಗೆ, ಚರ್ಮದ ಸಣ್ಣ ರಚನೆಗಳೂ ಫಿಲ್ಟರ್‌ಗೆ ಗೋಡೆಯ ಹಾಗೇ ಕಂಡರೆ ಅವನ್ನೂ ಒರೆಸಿಬಿಡುತ್ತದೆ. ಸುಮಾರು ಆರು ಪಟ್ಟು ದೊಡ್ಡದಾದ ಮೆಟ್ಟಿಲನ್ನು ಮುಚ್ಚಲು ಫಿಲ್ಟರ್ ಜೋರಾಗಿಯೇ ಇಡಬೇಕು, ಹಾಗಾಗಿ ನಷ್ಟವೂ ಜಾಸ್ತಿ.

ಇದರ ಮೇಲೆ ಕಂಪ್ರೆಷನ್ ಇದೆ. ಎಚ್.264 ಎನ್‌ಕೋಡರ್ ಫೈಲ್ ಚಿಕ್ಕದು ಮಾಡುವಾಗ "ಈ ವ್ಯತ್ಯಾಸ ಯಾರಿಗೂ ಕಾಣಲ್ಲ" ಅಂತ ತೀರ್ಮಾನಿಸಿ ಸಣ್ಣ ವಿವರಗಳನ್ನು ಎಸೆದಿರುತ್ತದೆ. ಆ ತೀರ್ಮಾನ 100 ನಿಟ್ಸ್ ಲೆಕ್ಕದ ಚಿತ್ರಕ್ಕೆ ಸರಿ. ಅದೇ ಭಾಗವನ್ನು ಹತ್ತು ಪಟ್ಟು ಎಳೆದಾಗ, ಮುಚ್ಚಿಟ್ಟಿದ್ದ ಚೌಕ ಚೌಕ ಬ್ಲಾಕ್‌ಗಳು, ಅಂಚಿನ ಸುತ್ತ ಇರುವ ಮಿಡಿತ, ಹೈಲೈಟ್‌ನ ನಾಯ್ಸ್ ಎಲ್ಲ ಮೇಲೆದ್ದು ಬರುತ್ತವೆ. ಕಿಟಕಿಯ ಸರಳುಗಳ ಅಂಚನ್ನು ಹತ್ತಿರದಿಂದ ನೋಡಿ. ಗಾಢವಾದ ಸರಳಿನ ಪಕ್ಕ ಬಿಳಿ ಜಾಗದಲ್ಲಿ ಕೊಳಕು ಕೊಳಕಾಗಿ ಏನೋ ಅಲುಗಾಡುತ್ತಿರುತ್ತದೆ. ಮೂಲ ಫೈಲಿನಲ್ಲೂ ಅದು ಇತ್ತು, ಆದರೆ ಕಾಣುವಷ್ಟು ಇರಲಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಸ್‌ಡಿಆರ್ ಬಣ್ಣಗಳು ಬಿಟಿ.709 ಎಂಬ ಮಾನದಂಡದ ಬಣ್ಣದ ತ್ರಿಕೋನದೊಳಗಿವೆ. ಅವನ್ನು ಬಿಟಿ.2020ರ ದೊಡ್ಡ ತ್ರಿಕೋನದೊಳಗೆ ಸರಿಯಾಗಿ ಕೂರಿಸಿದರೆ ಅವು ಇದ್ದಲ್ಲೇ ಇರುತ್ತವೆ, ಹೊಸ ಬಣ್ಣ ಹುಟ್ಟುವುದಿಲ್ಲ. ಹುಟ್ಟಿದ ಹಾಗೆ ಕಂಡರೆ ಸ್ಯಾಚುರೇಶನ್ ಎಳೆದಿದ್ದಾರೆ ಅಂತ ಅರ್ಥ, ಅದರ ಪೆಟ್ಟು ಮೊದಲು ಬೀಳುವುದು ಮುಖದ ಮೇಲೆ: ಕೆನ್ನೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಹೈಲೈಟ್ ಕತ್ತರಿಸಿಹೋಗುವಾಗ ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಗಡಿ ಮುಟ್ಟುವುದಿಲ್ಲ. ಬಿಸಿಲು ಬಿದ್ದ ಚರ್ಮದಲ್ಲಿ ಕೆಂಪು ಮೊದಲು ಮುಟ್ಟುತ್ತದೆ, ಆಮೇಲೆ ಹಸಿರು. ಹಾಗಾಗಿ ಹಣೆಯ ಹೊಳಪಿನ ಸುತ್ತ ಒಂದು ಹಳದಿ ಉಂಗುರ ಉಳಿದಿರುತ್ತದೆ. ಎಸ್‌ಡಿಆರ್‌ನಲ್ಲಿ ಗಮನಕ್ಕೆ ಬಾರದ ಆ ಉಂಗುರ, ಎಳೆದ ಮೇಲೆ ಮೆತ್ತಿದ ಬಣ್ಣದ ಹಾಗೆ ಕಾಣುತ್ತದೆ.

ಹಾಗಿದ್ದರೆ ಮೊದಲ ನೋಟಕ್ಕೆ ಯಾಕೆ ಭರ್ಜರಿಯಾಗಿತ್ತು? ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಹೆಚ್ಚು ಬೆಳಕಿರುವುದೇ ಚೆಂದ ಅಂತ ಕಣ್ಣು ಮೊದಲು ಹೇಳುತ್ತದೆ. ನೀವು ಹೋಲಿಸಿದ್ದು 100 ನಿಟ್ಸ್‌ನ ಚಿತ್ರವನ್ನು 1000 ನಿಟ್ಸ್‌ನ ಚಿತ್ರದ ಜೊತೆ. ಅದು ಗುಣಮಟ್ಟದ ಹೋಲಿಕೆ ಆಗುವುದಿಲ್ಲ. ಸರಿಯಾಗಿ ನೋಡಬೇಕೆಂದರೆ ಮೂಲ ಎಸ್‌ಡಿಆರ್ ಫೈಲನ್ನೇ ತೆರೆದು, ಅದರ ಬಿಳಿ 200 ನಿಟ್ಸ್ ಆಸುಪಾಸಿಗೆ ಬರುವಷ್ಟು ಪರದೆಯ ಬೆಳಕು ಏರಿಸಿ, ಆಮೇಲೆ ಪರಿವರ್ತಿತ ಫೈಲಿನ ಜೊತೆ ಹೋಲಿಸಿ. ಮುಖದ ಬೆಳಕು ಎರಡರಲ್ಲೂ ಒಂದೇ ಮಟ್ಟದಲ್ಲಿ ಇರಬೇಕು. ಹಾಗೆ ನೋಡಿದಾಗ ಪರಿವರ್ತಿತ ಫೈಲಿನಲ್ಲಿ ಮೂಲದಲ್ಲಿಲ್ಲದ ಒಂದೇ ಒಂದು ವಿವರವಾದರೂ ಹೊಸದಾಗಿ ಕಾಣುತ್ತದೆಯೇ ಎಂದು ಕೇಳಿಕೊಳ್ಳಿ. ಇಂಥ ಸಂದರ್ಶನದ ಶಾಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಟಿವಿಯೂ ಇಲ್ಲಿ ತನ್ನ ಪಾಲು ಸೇರಿಸುತ್ತದೆ. ಹೆಚ್ಚಿನ ಪರದೆಗಳು ತಮ್ಮ ಗರಿಷ್ಠ ಹೊಳಪನ್ನು ಪರದೆಯ ಸಣ್ಣ ಭಾಗದಲ್ಲಿ ಮಾತ್ರ ಕೊಡಬಲ್ಲವು. ಫ್ರೇಮಿನ ಕಾಲು ಭಾಗ ಇರುವ ಕಿಟಕಿ ಪೂರ್ತಿ 1000 ನಿಟ್ಸ್ ಕೇಳಿದರೆ, ಒಎಲ್‌ಇಡಿ ಪರದೆ ವಿದ್ಯುತ್ ಮಿತಿ ದಾಟದಿರಲು ಇಡೀ ಚಿತ್ರವನ್ನೇ ಮಂಕು ಮಾಡುತ್ತದೆ. ನೋಡಬೇಕಾದ ಮುಖ ಕತ್ತಲಾಗುತ್ತದೆ, ಏನೂ ಇಲ್ಲದ ಕಿಟಕಿಗೆ ಬೆಳಕು ಹೋಗುತ್ತದೆ.

ಈಗ ನಿಮ್ಮ ವಿಡಿಯೊಗಳಿಗೆ ಏನು ಮಾಡಬಹುದು ಅಂತ ನೋಡೋಣ.

ಮೊದಲು ಫೈಲಿನಲ್ಲಿ 235ರ ಮೇಲೆ ಏನಾದರೂ ಉಳಿದಿದೆಯೇ ನೋಡಿ. ಎಷ್ಟೋ ಕ್ಯಾಮೆರಾಗಳು 235ಕ್ಕೆ ನಿಲ್ಲಿಸದೆ 254ರವರೆಗೆ ಬರೆಯುತ್ತವೆ. ಇದಕ್ಕೆ ಸೂಪರ್‌ವೈಟ್ ಅನ್ನುತ್ತಾರೆ. ಸಾಮಾನ್ಯ ಪ್ಲೇಯರ್ 235ರ ಮೇಲಿನದ್ದನ್ನು ಕತ್ತರಿಸಿ ತೋರಿಸುವುದರಿಂದ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಆ ಸಣ್ಣ ಜಾಗದಲ್ಲಿ ಕ್ಯಾಮೆರಾ ಹೊರಗಿನ ಬೆಳಕನ್ನು ಹಿಂಡಿ ತುಂಬಿರಬಹುದು. ಹಾಗಿದ್ದರೆ ಕಿಟಕಿಯಾಚೆಯ ಎಲೆಗಳ ಗುರುತು ನಿಜವಾಗಿಯೂ ಸಿಗುತ್ತದೆ. ಇನ್ವರ್ಸ್ ಟೋನ್ ಮ್ಯಾಪಿಂಗ್‌ಗೆ ಅರ್ಥ ಬರುವ ಅಪರೂಪದ ಸಂದರ್ಭ ಇದು. ಹೀಗೆ ಪರೀಕ್ಷಿಸಿ:

```
ffmpeg -i in.mp4 -vf "signalstats,metadata=print:key=lavfi.signalstats.YMAX" -an -f null -
```

ಪ್ರತಿ ಫ್ರೇಮಿನ ಅತಿ ಹೆಚ್ಚಿನ ಅಂಕಿ ಬರುತ್ತದೆ. ಎಲ್ಲ ಕಡೆ 235, 236, 238 ಹೀಗೆ ಬಂದರೆ ಮೇಲೆ ಏನೂ ಇಲ್ಲ. ಆ ಒಂದೆರಡು ಅಂಕಿಯ ಏರಿಳಿತ ಕಂಪ್ರೆಷನ್‌ನಿಂದ ಬಂದದ್ದು. 250ರ ಆಚೆ ಹೋದರೆ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಗ್ರಾಫ್ ತೆರೆದು ಕಿಟಕಿಯ ಜಾಗ ನೋಡಿ. ಅಲ್ಲಿ ಗೆರೆ ಸಪಾಟಾಗಿದ್ದರೆ ಪ್ರಯೋಜನವಿಲ್ಲ, ಏರಿಳಿತವಿದ್ದರೆ ವಿವರವಿದೆ. ಒಂದು ಎಚ್ಚರ: ಫೈಲ್ ಫುಲ್ ರೇಂಜ್ ಆಗಿದ್ದರೆ, ಅಂದರೆ `color_range=pc` ಎಂದಿದ್ದರೆ, ಅದರಲ್ಲಿ 255 ಅನ್ನುವುದೇ ಮಾಮೂಲಿ ಬಿಳಿ. ಆಗ ಈ ಲೆಕ್ಕ ಹಿಡಿಯುವುದಿಲ್ಲ.

ಮೇಲೆ ಏನೂ ಇಲ್ಲ ಅಂತಾದರೆ, ಎಚ್‌ಡಿಆರ್ ಫೈಲ್ ಬೇಕೇ ಬೇಕಾ ಅಂತ ಒಮ್ಮೆ ಯೋಚಿಸಿ. ಬೇಡವಾದರೆ ಮೂಲವನ್ನು ಹಾಗೇ ಇಟ್ಟುಕೊಳ್ಳುವುದೇ ಒಳ್ಳೆಯದು. ಬೇಕಾಗುವ ಸಂದರ್ಭಗಳೂ ಇವೆ. ಹೊಸದಾಗಿ ಎಚ್‌ಡಿಆರ್‌ನಲ್ಲಿ ಮಾಡುತ್ತಿರುವ ಸಾಕ್ಷ್ಯಚಿತ್ರದೊಳಗೆ ಈ ಹಳೆಯ ತುಣುಕು ಸೇರಿಸಬೇಕಾಗಬಹುದು. ಆಗ ಎಳೆಯಬೇಡಿ, ನೇರವಾಗಿ ಕೂರಿಸಿ. ಬಿಟಿ.2408 ವರದಿಯಲ್ಲೂ ಈ ದಾರಿ ಇದೆ: ಎಸ್‌ಡಿಆರ್‌ನ ಬಿಳಿಯನ್ನು 203 ನಿಟ್ಸ್‌ಗೆ ಇಟ್ಟು ಉಳಿದದ್ದನ್ನೆಲ್ಲ ಅದೇ ಅನುಪಾತದಲ್ಲಿ ಏರಿಸುವುದು.

```
ffmpeg -i in.mp4 -vf "zscale=tin=bt709:min=bt709:pin=bt709:rin=tv:t=smpte2084:m=2020_ncl:p=2020:r=tv:npl=203,format=yuv420p10le" \
 -c:v libx265 -crf 16 \
 -x265-params "colorprim=bt2020:transfer=smpte2084:colormatrix=bt2020nc" \
 -c:a copy out.mkv
```

ಇಲ್ಲಿ `npl=203` ಅನ್ನುವುದೇ ಮುಖ್ಯ. ಅದು ಎಸ್‌ಡಿಆರ್ ಬಿಳಿಯನ್ನು ಎಲ್ಲಿ ಇಡಬೇಕೆಂದು ಹೇಳುತ್ತದೆ. ಈಗ ನಿಮ್ಮ ದೃಶ್ಯದಲ್ಲಿ ಹಣೆಯ ಹೊಳಪು ಸುಮಾರು 142 ನಿಟ್ಸ್, ಅಂಗಿ ಸುಮಾರು 188, ಕಿಟಕಿ 203. ಅವುಗಳ ನಡುವಿನ ಅನುಪಾತ ಮೂಲದಲ್ಲಿದ್ದಷ್ಟೇ. ಮೆಟ್ಟಿಲುಗಳೂ ಶೇಕಡಾ 1.1–1.3ರಲ್ಲೇ ಉಳಿದಿವೆ, ಹಾಗಾಗಿ ಗೋಡೆಯ ಹೊಸ ಪಟ್ಟೆಗಳು ಮಾಯ. ಫೈಲ್ ಎಚ್‌ಡಿಆರ್, ಚಿತ್ರ ಪ್ರಾಮಾಣಿಕವಾಗಿ ಎಸ್‌ಡಿಆರ್. ಹೊಸ ತುಣುಕುಗಳ ಪಕ್ಕದಲ್ಲಿ ಮುಖದ ಬೆಳಕು ಮಂಕು ಅನಿಸಿದರೆ ಅಥವಾ ಜಾಸ್ತಿ ಅನಿಸಿದರೆ ಆ 203ನ್ನು ಸ್ವಲ್ಪ ಆಚೀಚೆ ಮಾಡಿ ನೋಡಬಹುದು.

ಪರಿವರ್ತನೆ ಮಾಡದೆ ಟ್ಯಾಗ್ ಮಾತ್ರ ಬದಲಿಸುವುದನ್ನು ಮಾತ್ರ ಎಂದೂ ಮಾಡಬೇಡಿ. ಗಾಮಾದಲ್ಲಿ ಬರೆದ ಅಂಕಿಗಳನ್ನು ಪಿಕ್ಯೂ ಅಂತ ಓದಿಸಿದರೆ, 19 ನಿಟ್ಸ್ ಇರಬೇಕಾದ ಅರ್ಧ ಮಟ್ಟದ ಸಿಗ್ನಲ್ 92 ನಿಟ್ಸ್ ಆಗುತ್ತದೆ. ಬಿಳಿಗೆ 10,000 ನಿಟ್ಸ್ ಅಂತ ಅರ್ಥ ಬರುತ್ತದೆ. ಬಣ್ಣಗಳೂ ಬಿಟಿ.2020 ಅಂತ ತಪ್ಪಾಗಿ ಓದಲ್ಪಟ್ಟು ಗಾಢವಾಗುತ್ತವೆ. ಇಡೀ ಚಿತ್ರ ಬೆಳಕಿನಲ್ಲಿ ತೊಯ್ದು, ಮುಖಗಳು ಕೆಂಪೇರಿ ಕಂಡರೆ ಇದೇ ಕಾರಣ ಎಂದು ತಿಳಿಯಿರಿ.

ಕೆಲವು ಶಾಟ್‌ಗಳಲ್ಲಿ ಸ್ವಲ್ಪ ಎಚ್‌ಡಿಆರ್ ಅನುಭವ ಬೇಕೇ ಬೇಕು ಅನಿಸಿದರೆ ಕೈಯಿಂದ ಮಾಡಿ. ನೇರ ಪರಿವರ್ತನೆಯ ಮೇಲೆ, ನಿಜವಾಗಿಯೂ ಬೆಳಕಿನ ಮೂಲವಾಗಿರುವ ಸಣ್ಣ ಜಾಗಕ್ಕೆ ಮಾತ್ರ ಮಾಸ್ಕ್ ಎಳೆಯಿರಿ: ಟೇಬಲ್ ಲ್ಯಾಂಪಿನ ಬಲ್ಬು, ಕನ್ನಡಕದ ಮಿಂಚು. ಅದನ್ನು 400–500 ನಿಟ್ಸ್‌ಗೆ ಏರಿಸಿ, ಅಂಚು ಮೃದುವಾಗಿರಲಿ. ಬಲ್ಬಿನೊಳಗೆ ವಿವರ ಇಲ್ಲದಿದ್ದರೂ ನಡೆಯುತ್ತದೆ, ಯಾಕೆಂದರೆ ನಿಜವಾದ ಬಲ್ಬಿನಲ್ಲೂ ಕಣ್ಣಿಗೆ ವಿವರ ಕಾಣುವುದಿಲ್ಲ. ಅಂಗಿಯನ್ನೂ ಗೋಡೆಯನ್ನೂ ಮುಟ್ಟಬೇಡಿ. ಕಿಟಕಿಯನ್ನು 250–300ಕ್ಕಿಂತ ಮೇಲೆ ಒಯ್ಯಬೇಡಿ. ಇದು ಶಾಟ್ ಶಾಟ್‌ಗೆ ಕೂತು ಮಾಡುವ ಕೆಲಸ, ಬಟನ್ ಒತ್ತಿದರೆ ಆಗುವಂಥದ್ದಲ್ಲ.

ಸಾವಿರಾರು ಚಿತ್ರಗಳಿಂದ ಕಲಿತು ಕಿಟಕಿಯಾಚೆ ಮೋಡ, ಎಲೆ ತಾನೇ ಬರೆದು ತುಂಬುವ ಸಾಫ್ಟ್‌ವೇರ್‌ಗಳೂ ಈಗ ಇವೆ. ಅವು ತುಂಬುವ ಮೋಡ ಆ ದಿನ ಅಲ್ಲಿದ್ದ ಮೋಡ ಅಲ್ಲ. ಕಥಾಚಿತ್ರಕ್ಕೆ ಅದು ನಡೆಯಬಹುದು. ಒಬ್ಬರ ಸಂದರ್ಶನ ಒಂದು ದಾಖಲೆ, ಅದರಲ್ಲಿ ಇಲ್ಲದ್ದನ್ನು ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಹಳೆಯ ಸಿನಿಮಾಗಳ ಎಚ್‌ಡಿಆರ್ ಆವೃತ್ತಿ ಅಷ್ಟು ಚೆನ್ನಾಗಿ ಬರುತ್ತಲ್ಲ ಅಂತ ನಿಮಗೆ ಅನಿಸಬಹುದು. ಅವುಗಳಲ್ಲಿ ಚೆನ್ನಾಗಿರುವವು ಎಸ್‌ಡಿಆರ್ ಮಾಸ್ಟರಿನಿಂದ ಬಂದವಲ್ಲ. ಮೂಲ ನೆಗೆಟಿವ್ ಅನ್ನು ಮತ್ತೆ ಸ್ಕ್ಯಾನ್ ಮಾಡಿ ಹೊಸದಾಗಿ ಗ್ರೇಡ್ ಮಾಡಿರುತ್ತಾರೆ. ಫಿಲ್ಮ್ ನೆಗೆಟಿವ್ ಹೈಲೈಟ್‌ಗಳನ್ನು ಒಮ್ಮೆಲೇ ಕತ್ತರಿಸುವುದಿಲ್ಲ, ನಿಧಾನವಾಗಿ ಹಿಂಡುತ್ತಾ ಹೋಗುತ್ತದೆ. ಹಾಗಾಗಿ ಟಿವಿ ಆವೃತ್ತಿಯಲ್ಲಿ ಬರೀ ಬಿಳಿಯಾಗಿದ್ದ ಕಿಟಕಿಯಾಚೆ ನೆಗೆಟಿವ್‌ನಲ್ಲಿ ಇನ್ನೂ ಬೀದಿ ಇರುತ್ತದೆ. ಡಿಜಿಟಲ್‌ನಲ್ಲಿ ಇದೇ ಮಾತು ಹೈಲೈಟ್‌ನ ವಿವರ ಉಳಿಸಿಕೊಳ್ಳುವ ರಾ ಮತ್ತು ಲಾಗ್ ಫೈಲ್‌ಗಳಿಗೆ ಅನ್ವಯಿಸುತ್ತದೆ.

ಬೇರೆಯವರು ಕೊಟ್ಟ ಎಚ್‌ಡಿಆರ್ ಫೈಲ್ ಹೀಗೆ ಎಳೆದು ಮಾಡಿದ್ದೇ ಅಂತ ತಿಳಿಯಲೂ ವೇವ್‌ಫಾರ್ಮ್ ಸಾಕು. ಬೇರೆ ಬೇರೆ ಶಾಟ್‌ಗಳ ಹೈಲೈಟ್‌ಗಳೆಲ್ಲ ಒಂದೇ ಎತ್ತರದಲ್ಲಿ ಗೀಟು ಹಾಕಿದಂತೆ ನಿಂತಿದ್ದರೆ, ಮೇಲಿನ ಭಾಗದಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ-ಖಾಲಿ-ಗೆರೆ ಕಂಡರೆ, ಬಣ್ಣಗಳೆಲ್ಲ ಬಿಟಿ.709 ತ್ರಿಕೋನ ದಾಟದೆ ಇದ್ದರೆ, ಅದು ಬಹುತೇಕ ಎಸ್‌ಡಿಆರ್‌ನಿಂದ ಬಂದದ್ದು. ಬಣ್ಣದ ಗುರುತು ಒಂದನ್ನೇ ನಂಬಬೇಡಿ. ನಿಜವಾದ ಎಚ್‌ಡಿಆರ್ ದೃಶ್ಯದಲ್ಲೂ ಗಾಢ ಬಣ್ಣ ಇಲ್ಲದಿರಬಹುದು.

ಹಾಗಾಗಿ ನಿಮ್ಮ ವಿಡಿಯೊಗಳಿಗೆ ನನ್ನ ಸಲಹೆ ಇಷ್ಟು. ಚಿತ್ರೀಕರಣ ಮಾಡಿದವರನ್ನು ಸಂಪರ್ಕಿಸಲು ಆಗುವುದಾದರೆ ಕ್ಯಾಮೆರಾ ಕಾರ್ಡಿನಿಂದ ನೇರ ಬಂದ ಫೈಲ್ ಉಳಿದಿದೆಯೇ ಕೇಳಿ. ನಿಮ್ಮ ಹತ್ತಿರ ಇರುವುದು ಎಡಿಟ್ ಆದ ಮೇಲೆ ಹೊರಬಂದ ಪ್ರತಿ ಆಗಿದ್ದರೆ, ಅದರ ಸೂಪರ್‌ವೈಟ್ ಎಕ್ಸ್‌ಪೋರ್ಟ್ ಮಾಡುವಾಗಲೇ ಕತ್ತರಿಸಿಹೋಗಿರುವ ಸಾಧ್ಯತೆ ಇದೆ. ಕಾರ್ಡಿನ ಫೈಲ್ ಸಿಕ್ಕರೆ ಮೇಲಿನ ಮೊದಲ ಕಮಾಂಡನ್ನು ಅದರ ಮೇಲೆ ಓಡಿಸಿ, ಬಂದ ಅಂಕಿಗಳನ್ನು ನನಗೆ ಕಳಿಸಿ. 250ರ ಮೇಲೆ ಏನಾದರೂ ಇದ್ದರೆ ಆ ಕ್ಯಾಮೆರಾಕ್ಕೆ ಹೊಂದುವ ಕರ್ವ್ ಹೇಗೆ ಕಟ್ಟಬೇಕೆಂದು ಹೇಳುತ್ತೇನೆ.